ಅಜ್ಜಿಯ ಗೋಡೆ

ಒಂಬತ್ತನೇ ತರಗತಿಗೆ ಶಬ್ದದ ಪಾಠ ಶುರು ಮಾಡುವ ದಿನ ನಾನು ಪುಸ್ತಕ ತೆರೆಯುವ ಮೊದಲು ಒಂದು ಕತೆ ಹೇಳುತ್ತೇನೆ. ಮೂವತ್ತು ವರ್ಷಗಳಿಂದ ಅದೇ ಕತೆ. ಹತ್ತನೇ ತರಗತಿಗೆ ಹೋದವರು ಕಿರಿಯರನ್ನು ಕಂಡಾಗ 'ಮೇಷ್ಟ್ರು ಅಜ್ಜಿ ಕತೆ ಹೇಳಿದ್ರಾ?' ಎಂದು ಕೇಳುವಷ್ಟು ಅದು ಹಳತಾಗಿದೆ. ಆದರೆ ಅದರ ಕೊನೆಯ ಭಾಗವನ್ನು ಮಕ್ಕಳಿಗೆ ನಾನು ಇದುವರೆಗೆ ಹೇಳಿಲ್ಲ. ಏಕೆ ಹೇಳಿಲ್ಲ ಎಂಬುದು ಕೊನೆಗೆ ಬಂದಾಗ ನಿಮಗೇ ತಿಳಿಯುತ್ತದೆ.

1979ನೇ ಇಸವಿ. ನನಗೆ ಒಂಬತ್ತು ವರ್ಷ. ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಒಂದು ಈಶ್ವರನ ಗುಡಿ. ಗುಡಿ ಚಿಕ್ಕದು, ಪ್ರಾಕಾರ ಮಾತ್ರ ದೊಡ್ಡದು. ದಕ್ಷಿಣದ ಕಡೆ ಉದ್ದಕ್ಕೆ ಬಯಲು. ಅದರ ಒಂದು ತುದಿಗೆ ಬಿಲ್ವದ ಮರ, ಇನ್ನೊಂದು ತುದಿಗೆ ಪಾಕಶಾಲೆಯ ಕಲ್ಲುಗೋಡೆ. ಆ ಗೋಡೆಗೆ ಕಿಟಕಿಯಿಲ್ಲ, ಬಾಗಿಲಿಲ್ಲ, ಸುಣ್ಣವೂ ಇಲ್ಲ. ಸಂಜೆ ಹೊತ್ತು ಅಜ್ಜಿ ಅದರ ಬುಡದಲ್ಲಿ ಕೂತು ದೇವರಿಗೆ ಹೂ ಕಟ್ಟುತ್ತಿದ್ದಳು. ಆಗಲೇ ಅವಳ ಕಣ್ಣು ಮಂಜಾಗಿತ್ತು. ಬೆಳಕು ಯಾವುದು, ನೆರಳು ಯಾವುದು ಎಂದಷ್ಟೇ ಕಾಣುತ್ತಿತ್ತು. ಹೂವನ್ನು ಬೆರಳೇ ನೋಡುತ್ತಿತ್ತು.

ಒಂದು ಸಂಜೆ ಬಿಲ್ವದ ಮರದ ಕೆಳಗೆ ನಿಂತು ನಾನು 'ಕೂ' ಎಂದೆ. ಗೋಡೆಯ ಕಡೆಯಿಂದ ಯಾರೋ 'ಕೂ' ಎಂದರು. ಪಾಕಶಾಲೆಯೊಳಗೆ ಯಾವುದೋ ದೆವ್ವ ಇದೆಯೆಂದು ಹೆದರಿ ಓಡಿಹೋಗಿ ಅಜ್ಜಿಯ ಸೆರಗು ಹಿಡಿದೆ.

'ದೆವ್ವವೂ ಇಲ್ಲ, ದೇವರೂ ಇಲ್ಲ ಕಣೋ. ನಿನ್ನ ಕೂಗೇ ಅದು. ಗೋಡೆ ತನಕ ಹೋಯ್ತು, ಒಳಗೆ ಬಿಡಲಿಲ್ಲ, ವಾಪಸು ಬಂತು' ಎಂದಳು ಅಜ್ಜಿ.

'ಹಾಗಾದ್ರೆ ನಾನು ಕೂಗಿದ ಕೂಡಲೇ ಯಾಕೆ ಬರಲಿಲ್ಲ?'

'ನಿನ್ನನ್ನು ಶೆಟ್ಟರ ಅಂಗಡಿಗೆ ಬೆಲ್ಲಕ್ಕೆ ಕಳಿಸಿದ್ರೆ ಕೂಡಲೇ ಬರ್ತೀಯ? ಹೋಗೋ ಹೊತ್ತು, ಬರೋ ಹೊತ್ತು ಎರಡೂ ಹಿಡಿಯಲ್ವೇ? ಹಾಗೇ ಇದೂ. ಈಗ ನಡಕೊಂಡು ಹತ್ತಿರ ಹತ್ತಿರ ಬಾ, ಪ್ರತಿ ಸಲ ನಿಂತು ಚಪ್ಪಾಳೆ ತಟ್ಟು.'

ಮರದಿಂದ ಗೋಡೆಯ ಕಡೆಗೆ ನಡೆಯುತ್ತ ಚಪ್ಪಾಳೆ ತಟ್ಟಿದೆ. ಮೊದಲು ನನ್ನ ಚಪ್ಪಾಳೆ ಬೇರೆ, ಗೋಡೆಯ ಚಪ್ಪಾಳೆ ಬೇರೆ. ಮುಂದೆ ಮುಂದೆ ಹೋದಂತೆ ಗೋಡೆಯದು ನನ್ನದರ ಬೆನ್ನಿಗೆ ಬಂತು. ಇನ್ನೂ ಹತ್ತಿರ ಹೋದಾಗ ಎರಡೂ ಒಂದಾಗಿ ಹೋದವು.

'ಅಜ್ಜಿ, ಈಗ ಬರ್ತಾ ಇಲ್ಲ!'

'ಬರ್ತಾ ಇದೆ ಮಗಾ. ಬಂದು ನಿನ್ನ ಚಪ್ಪಾಳೆಯೊಳಗೇ ಸೇರಿಕೊಂಡಿದೆ. ಬೇರೆಯಾಗಿ ಕಾಣಿಸಲ್ಲ, ಅಷ್ಟೇ.'

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಮಾಡಿದ ನಾನು ಮರೆತದ್ದು ಅದನ್ನೇ.

ಇಲ್ಲಿ ಕತೆ ನಿಲ್ಲಿಸಿ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗುತ್ತೇನೆ. ಅಂಗಡಿಗೆ ಹೋಗಿ ಬರುವ ಹೊತ್ತನ್ನು ಅಳೆಯಬೇಕಲ್ಲ. ನಮ್ಮೂರ ಗುಡಿಯಲ್ಲಿ ನಾನು ಟೇಪು ಹಿಡಿದು ಅಳೆದದ್ದನ್ನೇ ಇಲ್ಲಿ ಹೇಳುತ್ತೇನೆ. ಬಿಲ್ವದ ಮರದಿಂದ ಗೋಡೆಗೆ 34 ಮೀಟರು. ಅಂದರೆ ಸದ್ದು ಹೋಗಿ ಬರುವ ದಾರಿ 68 ಮೀಟರು. ಒಂದು ಚಪ್ಪಾಳೆಯ ಪ್ರತಿಧ್ವನಿಯನ್ನು ಗಡಿಯಾರದಿಂದ ಅಳೆಯಲು ಹೋದರೆ ಗುಂಡಿ ಒತ್ತುವಷ್ಟರಲ್ಲಿ ಅದು ಬಂದು ಹೋಗಿರುತ್ತದೆ. ಅದಕ್ಕೆ ಒಂದು ಉಪಾಯವಿದೆ. ತಾಳ ಹಾಕುವಂತೆ ಒಂದೇ ಸಮನೆ ಚಪ್ಪಾಳೆ ತಟ್ಟುತ್ತಾ ಹೋಗಬೇಕು. ಪ್ರತಿಧ್ವನಿಯು ಎರಡು ಚಪ್ಪಾಳೆಗಳ ನಟ್ಟನಡುವೆ ಬೀಳುವ ತನಕ ವೇಗವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ನಡುವೆ ಬಿದ್ದರೆ ಕಿವಿಗೆ ತಾನಾಗಿಯೇ ತಿಳಿಯುತ್ತದೆ. ಎರಡರಷ್ಟು ವೇಗದಲ್ಲಿ ಒಬ್ಬನೇ ತಟ್ಟುತ್ತಿರುವಂತೆ ಕೇಳಿಸುತ್ತದೆ. ಆಗ ಜೊತೆಯವನು 20 ಅಂತರಗಳಿಗೆ ಎಷ್ಟು ಹೊತ್ತಾಯಿತು ಎಂದು ನೋಡಬೇಕು.

ನಮಗೆ ಸಿಕ್ಕಿದ್ದು 7.9 ಸೆಕೆಂಡು. ಒಂದು ಅಂತರಕ್ಕೆ 0.395 ಸೆಕೆಂಡು. ಪ್ರತಿಧ್ವನಿ ಬಂದದ್ದು ಅದರ ಅರ್ಧಕ್ಕೆ, ಅಂದರೆ 0.1975 ಸೆಕೆಂಡಿಗೆ. 68 ಮೀಟರನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 344 ಮೀಟರು. ಹಿತವಾದ ಬಿಸಿಲಿರುವ ದಿನ ಗಾಳಿಯಲ್ಲಿ ಶಬ್ದದ ವೇಗ ಅಷ್ಟೇ.

ಮಕ್ಕಳು ಇದರಲ್ಲಿ ಒಂದು ತಪ್ಪು ಮಾಡಿಯೇ ಮಾಡುತ್ತಾರೆ. 20 ಚಪ್ಪಾಳೆ ಎಣಿಸಿ ಗಡಿಯಾರ ನಿಲ್ಲಿಸುತ್ತಾರೆ. 20 ಚಪ್ಪಾಳೆಗಳ ನಡುವೆ ಇರುವುದು 19 ಅಂತರ. ಮೊದಲ ಚಪ್ಪಾಳೆಯನ್ನು ಸೊನ್ನೆ ಎಂದು ಎಣಿಸಬೇಕು. ಯಾವ ಗುಂಪಿಗಾದರೂ ಉತ್ತರ 362ರ ಆಸುಪಾಸು ಬಂದರೆ, ಎಣಿಕೆ ಒಂದರಿಂದ ಶುರುವಾಗಿದೆ ಎಂದು ನಾನು ಹೋಗಿ ನೋಡದೆಯೇ ಹೇಳಿಬಿಡುತ್ತೇನೆ.

ಈಗ ಕತೆಯ ಎರಡನೇ ಭಾಗಕ್ಕೆ ಬರೋಣ. ಅದು ನಡೆದದ್ದು ಅದೇ ವರ್ಷ ಶಿವರಾತ್ರಿಯ ಹಿಂದಿನ ದಿನ. ವಾಲಗದವರು ಬಂದು ಗುಡಿಯ ಮುಂದೆ ಅಭ್ಯಾಸಕ್ಕೆ ಕೂತಿದ್ದರು. ಡೋಲು ಇನ್ನೂ ಶುರುವಾಗಿರಲಿಲ್ಲ. ಶ್ರುತಿ ಹಿಡಿಯುವ ಹುಡುಗನೊಬ್ಬನೇ ಕೆನ್ನೆ ಉಬ್ಬಿಸಿಕೊಂಡು ಎಳೆ ಕಡಿಯದಂತೆ ಒಂದೇ ಸ್ವರ ಊದುತ್ತಿದ್ದ. ಅಜ್ಜಿ ನನ್ನನ್ನು ಕರೆದಳು.

'ಒಂದು ಕಿವಿ ಮುಚ್ಚಿಕೊ. ಗೋಡೆ ಕಡೆ ಮುಖ ಮಾಡಿ ಮೆಲ್ಲಗೆ ಮುಂದೆ ಹೋಗು. ಶ್ರುತಿ ಕೇಳ್ತಾ ಹೋಗು.'

ಹೋದೆ. ಗೋಡೆ ಇನ್ನೇನು ಎರಡು ಮೊಳ ದೂರವಿದೆ ಎನ್ನುವಾಗ ಶ್ರುತಿಯ ಹೊಟ್ಟೆಯೇ ಬತ್ತಿದಂತಾಯಿತು. ಸದ್ದು ನಿಲ್ಲಲಿಲ್ಲ, ತೆಳ್ಳಗಾಗಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಆಯಿತು. ಇನ್ನೊಂದು ಗೇಣು ಮುಂದೆ ಹೋದರೆ ಮತ್ತೆ ತುಂಬಿಕೊಂಡಿತು. ಇನ್ನೂ ಮುಂದೆ ಹೋದರೆ ಮತ್ತೆ ತೆಳುವಾಯಿತು. ಗೋಡೆಗೆ ಕಿವಿ ತಾಗಿಸಿದರೆ ಎಲ್ಲಕ್ಕಿಂತ ಜೋರು.

'ಹೂ ಕಟ್ಟೋವಾಗ ತಲೆ ಬಗ್ಗಿಸಿದ್ರೆ ಒಂದು ತರ, ಎತ್ತಿದ್ರೆ ಒಂದು ತರ ಕೇಳಿಸ್ತಿತ್ತು. ಕಣ್ಣು ಹೋಯ್ತು, ಇನ್ನು ಕಿವಿಯೂ ಹೋಗ್ತಿದೆ ಅಂತ ಹೆದರಿಬಿಟ್ಟಿದ್ದೆ ಕಣೋ. ಆಮೇಲೆ ಗೊತ್ತಾಯ್ತು, ಕೆಟ್ಟಿದ್ದು ಕಿವಿಯಲ್ಲ, ಜಾಗ ಹಾಗಿದೆ ಅಂತ' ಎಂದಳು.

'ಯಾಕೆ ಹಾಗಿದೆ?'

ಅವಳು ನನ್ನ ಕೈ ಹಿಡಿದು ಕಲ್ಯಾಣಿಗೆ ಇಳಿದಳು. ನೀರು ಅಲುಗದೆ ನಿಂತಿತ್ತು. ಕೊನೆಯ ಮೆಟ್ಟಿಲಲ್ಲಿ ಕೂರಿಸಿ, 'ಎರಡು ಕೈಯ ಒಂದೊಂದು ಬೆರಳನ್ನು ಗೇಣುದ್ದ ದೂರ ಇಟ್ಟುಕೊಂಡು ಎರಡರಿಂದಲೂ ಒಟ್ಟೊಟ್ಟಿಗೆ ನೀರನ್ನು ಮುಟ್ಟುತ್ತಾ ಇರು. ತಾಳ ತಪ್ಪಬೇಡ. ನಾನು ಚಿಕ್ಕವಳಿದ್ದಾಗ ನೋಡಿದ್ದೆ, ಈಗ ನೀನು ನೋಡಿ ನನಗೆ ಹೇಳು' ಎಂದಳು.

ಎರಡು ಬೆರಳುಗಳಿಂದಲೂ ಉಂಗುರಗಳು ಎದ್ದವು. ಒಂದರೊಳಗೆ ಒಂದು ಹೊಕ್ಕವು. ಓರೆ ಬಿಸಿಲಿನಲ್ಲಿ ನೋಡುತ್ತಾ ಹೋದಂತೆ ಅಲೆಗಳ ನಡುವೆ ಅಲುಗದ ಗೆರೆಗಳು ಕಂಡವು. ಎರಡು ಬೆರಳುಗಳ ನಡುವಿನ ದಾರಿಯಲ್ಲಿ ಅಲೆ ಜೋರು, ಅದರ ಆಚೀಚೆ ಒಂದೊಂದು ತಣ್ಣನೆಯ ಗೆರೆ, ಮತ್ತೆ ಅಲೆ.

'ಬೈತಲೆ ತೆಗೆದ ಹಾಗಿದೆ ಅಜ್ಜಿ!'

'ಹಾಂ, ಅದೇ. ಒಂದು ಬೆರಳಿನ ಅಲೆ ನೀರನ್ನು ಎತ್ತೋ ಹೊತ್ತಿಗೆ ಇನ್ನೊಂದರದ್ದು ತಗ್ಗಿಸಿದರೆ ನೀರು ಯಾರ ಮಾತು ಕೇಳಬೇಕು? ಸುಮ್ಮನೆ ಇರುತ್ತೆ. ಇಬ್ಬರೂ ಎತ್ತಿದರೆ ಎರಡರಷ್ಟು ಏಳುತ್ತೆ.'

'ಶ್ರುತಿ ಊದೋನು ಒಬ್ಬನೇ ಅಲ್ವಾ? ಎರಡನೇ ಬೆರಳು ಯಾರು?'

'ಯಾರು ಹೇಳು ನೋಡೋಣ?'

ನನಗೆ ಥಟ್ಟನೆ ಹೊಳೆಯಿತು. ಗೋಡೆ! ಹೋಗುವ ಸದ್ದು ಒಂದು, ಗೋಡೆಯಿಂದ ಹಿಂದಿರುಗುವ ಸದ್ದು ಇನ್ನೊಂದು. ಚಪ್ಪಾಳೆಯಲ್ಲಿ ಪ್ರತಿಧ್ವನಿಯಾಗಿ ಬಂದದ್ದೇ ಶ್ರುತಿಯಲ್ಲಿ ತಾನು ಬಂದ ದಾರಿಯಲ್ಲಿ ಎದುರಾಗಿ ಬರುವ ಅಲೆಯೊಡನೆ ಸೇರಿ ಗೋಡೆಯ ಮುಂದೆ ಬೈತಲೆ ತೆಗೆಯುತ್ತಿತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ.

'ತೆಳ್ಳಗಾದ ಜಾಗದಲ್ಲಿ ಸದ್ದು ಎಲ್ಲಿ ಹೋಯ್ತು? ಸತ್ತುಹೋಯ್ತಾ?'

'ಸಾಯೋದು ಏನೂ ಇಲ್ಲ. ಇಲ್ಲಿ ಕಮ್ಮಿ ಆದದ್ದು ಪಕ್ಕದಲ್ಲಿ ಜಾಸ್ತಿ ಆಗಿದೆ. ಒಂದು ಗೇಣು ಸರಿದು ನೋಡಿದೆಯಲ್ಲ, ಅಲ್ಲಿತ್ತು.'

ಇದನ್ನು ವ್ಯತಿಕರಣ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಶಕ್ತಿ ನಾಶವಾಗುವುದಿಲ್ಲ, ಜಾಗ ಬದಲಿಸಿ ಹಂಚಿಕೊಳ್ಳುತ್ತದೆ ಎಂದು ಪುಸ್ತಕ ಹೇಳಿದಾಗ ನನಗೆ ಕೇಳಿಸಿದ್ದು ಅಜ್ಜಿಯ ಧ್ವನಿ. ಲೆಕ್ಕವೂ ಸರಿಹೋಗುತ್ತದೆ. ಶ್ರುತಿ ಸೆಕೆಂಡಿಗೆ 290 ಸಲ ಕಂಪಿಸುತ್ತಿತ್ತು ಎಂದಿಟ್ಟುಕೊಳ್ಳಿ. 344ನ್ನು 290ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು 1.2 ಮೀಟರು. ಗೋಡೆಯಿಂದ ಅಲೆಯ ಕಾಲುಭಾಗದಷ್ಟು ದೂರದಲ್ಲಿ, ಅಂದರೆ 30 ಸೆಂಟಿಮೀಟರಿನಲ್ಲಿ ಮೊದಲನೆಯ ತೆಳು ಜಾಗ. ಅಲ್ಲಿಂದ ಅರ್ಧ ಅಲೆ ಹಿಂದೆ, 90 ಸೆಂಟಿಮೀಟರಿನಲ್ಲಿ, ಎರಡನೆಯದು. ಎರಡು ಮೊಳ ಎಂದರೆ ಅಷ್ಟೇ ತಾನೇ? ಸದ್ದು ಪೂರ್ತಿ ನಿಲ್ಲದೆ ಸೊಳ್ಳೆಯಂತಾದದ್ದಕ್ಕೂ ಕಾರಣವಿದೆ. ಶ್ರುತಿಯಲ್ಲಿ ಒಂದೇ ಸ್ವರವಿರುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು ಕಂಪನದ ಕಿರುಸ್ವರಗಳೂ ಇರುತ್ತವೆ. ಅವುಗಳ ಅಲೆ ಗಿಡ್ಡ, ಬೈತಲೆಯೂ ಬೇರೆ ಜಾಗದಲ್ಲಿ. ದಪ್ಪ ಸ್ವರ ಬತ್ತಿದ ಕಡೆ ಕೀಚು ಸ್ವರಗಳು ಕೆಲವಾದರೂ ಉಳಿದಿರುತ್ತವೆ.

ಈಗ ವಾಲಗದವರನ್ನು ಶಾಲೆಗೆ ಕರೆಸಬೇಕಾಗಿಲ್ಲ. ಮೊಬೈಲಿನಲ್ಲಿ 860 ಹರ್ಟ್ಸ್‌ನ ಒಂದೇ ಸ್ವರವನ್ನು ಹೊರಡಿಸಬಹುದು. ಆಗ ಅಲೆಯ ಉದ್ದ 40 ಸೆಂಟಿಮೀಟರು. ಶಾಲೆಯ ಕಾಂಪೌಂಡಿನಿಂದ ಮೂರು ಮೀಟರು ಹಿಂದೆ, ಕಿವಿಯ ಎತ್ತರಕ್ಕೆ, ಗೋಡೆಯ ಕಡೆ ತಿರುಗಿಸಿ ಮೊಬೈಲನ್ನು ಇಡುತ್ತೇನೆ. ಮಕ್ಕಳು ಅದರ ದಾರಿಗೆ ಅಡ್ಡವಾಗದಂತೆ ಸ್ವಲ್ಪ ಪಕ್ಕಕ್ಕೆ ಗೋಡೆಗೆ ಮುಖ ಮಾಡಿ ನಿಂತು, ಒಂದು ಕಿವಿ ಮುಚ್ಚಿ ಮುಂದೆ ಹಿಂದೆ ಸರಿಯುತ್ತಾರೆ. 10, 30, 50 ಸೆಂಟಿಮೀಟರುಗಳ ಹತ್ತಿರ ಸ್ವರ ಕುಸಿಯುತ್ತದೆ. ಕೋಣೆಯೊಳಗೆ ಇದನ್ನು ಮಾಡಬಾರದು. ಅಲ್ಲಿ ನಾಲ್ಕು ಗೋಡೆ, ಮಾಡು, ನೆಲ ಎಲ್ಲವೂ ಬೆರಳಾಡಿಸುವುದರಿಂದ ಕುಸಿಯುವ ಜಾಗಗಳು ಸಿಕ್ಕಸಿಕ್ಕಲ್ಲಿ ಬೀಳುತ್ತವೆ, ಲೆಕ್ಕ ಹತ್ತುವುದಿಲ್ಲ.

ಮಕ್ಕಳಿಗೆ ನಾನು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ಇನ್ನು ಹೇಳದ ಭಾಗ.

ಅಜ್ಜಿಗೆ ಈ ಗೋಡೆ ಆಟದ ವಸ್ತುವಾಗಿರಲಿಲ್ಲ. ಅದು ಅವಳ ದಾರಿ. ಅವಳ ಕೋಲಿನ ತುದಿಗೆ ಕಬ್ಬಿಣದ ಬಳೆ ಇತ್ತು. ಚಪ್ಪಡಿಯ ಮೇಲೆ ಅದನ್ನು ಕುಟ್ಟಿಕೊಂಡು ಪ್ರಾಕಾರದ ತುಂಬ ಯಾರ ಆಸರೆಯೂ ಇಲ್ಲದೆ ಓಡಾಡುತ್ತಿದ್ದಳು. ಕೋಲು ಕಂಬಕ್ಕೆ ತಗಲುವ ಮೊದಲೇ ನಿಲ್ಲುತ್ತಿದ್ದಳು. 'ಹೇಗೆ ಗೊತ್ತಾಯ್ತು ಅಜ್ಜಿ?' ಎಂದರೆ 'ಕೆನ್ನೆಗೆ ತಿಳಿಯುತ್ತೆ' ಎನ್ನುತ್ತಿದ್ದಳು. ಜಾತ್ರೆಯ ದಿನ ಮಾತ್ರ ನನ್ನ ಕೈ ಬಿಡುತ್ತಿರಲಿಲ್ಲ. 'ಇವತ್ತು ಗೋಡೆ ಮಾತಾಡಲ್ಲ' ಎಂಬುದು ಅವಳ ವಿವರಣೆ. ಜನರ ಮೈ, ಬಟ್ಟೆ, ಚಪ್ಪರ ಇವೆಲ್ಲ ಸದ್ದನ್ನು ಹೀರಿಕೊಳ್ಳುತ್ತವೆ. ಹಿಂದಿರುಗುವ ಅಷ್ಟಿಷ್ಟು ಸದ್ದು ಗದ್ದಲದಲ್ಲಿ ಮುಳುಗುತ್ತದೆ.

1993ರಲ್ಲಿ ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ದಸರಾ ರಜೆಗೆ ಊರಿಗೆ ಹೋಗುವಾಗ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನೂ ಕೊಂಡೊಯ್ದೆ. ಅಷ್ಟು ಹೊತ್ತಿಗೆ ಅಜ್ಜಿಗೆ ಬೆಳಕೂ ಕಾಣುತ್ತಿರಲಿಲ್ಲ. ಕಣ್ಣಿನ ನರವೇ ಬತ್ತಿಹೋಗಿದೆ, ಆಪರೇಷನ್ನಿನಿಂದ ಏನೂ ಆಗದು ಎಂದು ಡಾಕ್ಟರು ಹೇಳಿದ್ದರು. ಗುಡಿಯ ಜಗಲಿಯಲ್ಲಿ ಅವಳ ಪಕ್ಕ ಕೂತು ಕೆಂಪು ಮಸಿಯ ಪೆನ್ನು ಹಿಡಿದು ಪತ್ರಿಕೆ ತಿದ್ದುತ್ತಿದ್ದೆ. 'ತರಗತಿಯ ಕೋಣೆಯಲ್ಲಿ ಪ್ರತಿಧ್ವನಿ ಏಕೆ ಕೇಳಿಸುವುದಿಲ್ಲ?' ಎಂಬುದು ಎರಡು ಅಂಕದ ಪ್ರಶ್ನೆ. ಗೋಡೆ 17 ಮೀಟರಿಗಿಂತ ಹತ್ತಿರವಿರುವುದರಿಂದ ಎಂದು ಬರೆಯಬೇಕು. ಒಬ್ಬ ಹುಡುಗ ಬರೆದಿದ್ದ: 'ಕೋಣೆಯಲ್ಲೂ ಪ್ರತಿಧ್ವನಿ ಬರುತ್ತದೆ. ಆದರೆ ನಮ್ಮ ಮಾತಿನ ಜೊತೆಯಲ್ಲೇ ಬರುವುದರಿಂದ ನಮಗೆ ಗೊತ್ತಾಗುವುದಿಲ್ಲ.'

ನಾನು ನಗುತ್ತಾ ಅದನ್ನು ಗಟ್ಟಿಯಾಗಿ ಓದಿ, ಅಡ್ಡಗೀಟು ಹಾಕಿ, ಸೊನ್ನೆ ಕೊಟ್ಟೆ.

'ಯಾಕೋ, ಸರಿಯಾಗೇ ಬರೆದಿದ್ದಾನಲ್ಲ' ಎಂದಳು ಅಜ್ಜಿ.

'ಇಲ್ಲ ಅಜ್ಜಿ. 17 ಮೀಟರು ಇಲ್ಲದಿದ್ದರೆ ಪ್ರತಿಧ್ವನಿಯೇ ಇಲ್ಲ. ನೀನು ಆಗ ಹೇಳಿದ್ದೂ ತಪ್ಪೇ' ಎಂದೆ. ಡಿಗ್ರಿಯ ಬಿಸಿ ಇನ್ನೂ ಆರಿರಲಿಲ್ಲ.

ಅಜ್ಜಿ ಮಾತಾಡಲಿಲ್ಲ. ಕೋಲು ಹಿಡಿದು ಎದ್ದಳು. ಬಯಲಿಗಿಳಿದು ಟಕ್ ಟಕ್ ಎಂದು ಕುಟ್ಟುತ್ತಾ ನೇರವಾಗಿ ಪಾಕಶಾಲೆಯ ಗೋಡೆಯ ಕಡೆ ನಡೆದಳು. ಹೆಜ್ಜೆ ನಿಧಾನಿಸಲಿಲ್ಲ. ಗೋಡೆಗೆ ಢಿಕ್ಕಿ ಹೊಡೆಯುತ್ತಾಳೆಂದು ನಾನು ಓಡಿದೆ. ಒಂದು ತೋಳಿನಷ್ಟು ದೂರ ಉಳಿದಾಗ ಅವಳು ತಾನಾಗಿ ನಿಂತಳು. ಕೈ ಚಾಚಿ ಕಲ್ಲಿನ ಮೇಲೆ ಅಂಗೈ ಇಟ್ಟು ನನ್ನ ಕಡೆ ತಿರುಗಿದಳು.

'ಇದು ಎಷ್ಟು ಮೀಟರು ಮೇಷ್ಟ್ರೇ?'

ಹುಟ್ಟಿದಾಗಿನಿಂದ 'ಮಗಾ' ಎಂದು ಕರೆದವಳು ಅಂದು ನನ್ನನ್ನು ಮೇಷ್ಟ್ರೇ ಎಂದಳು. ನಾನು ತಲೆ ತಗ್ಗಿಸಿ ನಿಂತೆ.

17 ಮೀಟರಿನ ಲೆಕ್ಕ ಸುಳ್ಳಲ್ಲ. ಹಿಂದಿರುಗಿದ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ತಡವಾಗಿ ಬಂದರೆ ಕಿವಿ ಅದನ್ನು ಬೇರೆ ಸದ್ದೆಂದು ಗುರುತಿಸುತ್ತದೆ ಎಂಬ ಅಂದಾಜಿನ ಮೇಲೆ ನಿಂತ ಲೆಕ್ಕ ಅದು. ಚಪ್ಪಾಳೆಯಂಥ ಚುಟುಕು ಸದ್ದಾದರೆ ಇನ್ನೂ ಹತ್ತಿರದ ಗೋಡೆಯದೂ ಬೇರೆಯಾಗಿ ಕೇಳಿಸುವುದುಂಟು. ಹಾಗೆಂದು ಅದಕ್ಕಿಂತ ಹತ್ತಿರದ ಗೋಡೆ ಸದ್ದನ್ನು ನುಂಗಿಬಿಡುವುದಿಲ್ಲ. ಒಂದು ಮೀಟರು ದೂರದ ಗೋಡೆಯಿಂದ ಅದು ಸೆಕೆಂಡಿನ ಸಾವಿರದಲ್ಲಿ ಆರು ಭಾಗದೊಳಗೆ ಹಿಂದಿರುಗಿ ಮೊದಲ ಸದ್ದಿನೊಡನೆ ಬೆರೆಯುತ್ತದೆ. ಬೆರೆತಾಗ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಬತ್ತುತ್ತವೆ. ಶ್ರುತಿಗೆ ಆದದ್ದೇ ಕೋಲಿನ ಟಕ್ ಎಂಬ ಸದ್ದಿಗೂ ಆಗುತ್ತದೆ. ಗೋಡೆ ಹತ್ತಿರವಾದಂತೆ ಸದ್ದಿನ ಬಣ್ಣ ಬದಲಾಗುತ್ತಾ ಹೋಗುತ್ತದೆ. ಕಣ್ಣಿರುವ ನಾವು ಅದನ್ನು ಗಮನಿಸುವುದಿಲ್ಲ. ಅಜ್ಜಿ ಗಮನಿಸಲೇಬೇಕಿತ್ತು.

'ಕೆನ್ನೆಗೆ ತಿಳಿಯುತ್ತೆ' ಎಂಬ ಅವಳ ಮಾತನ್ನೂ ಪರೀಕ್ಷಿಸಿದವರಿದ್ದಾರೆ ಎಂದು ಬಹಳ ಕಾಲದ ನಂತರ ಓದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಆ ಪ್ರಯೋಗಗಳ ವರದಿ 1944ರಲ್ಲಿ ಪ್ರಕಟವಾಯಿತು. ಎದುರಿನ ಅಡ್ಡಿ ಮುಖಕ್ಕೇ ತಿಳಿಯುತ್ತದೆ ಎಂದು ಅಲ್ಲಿನ ಕುರುಡರೂ ಹೇಳುತ್ತಿದ್ದರು. ಮುಖಕ್ಕೆ ಮುಸುಕು ಹಾಕಿದರೂ ಅವರು ಗೋಡೆಯ ಮುಂದೆ ನಿಂತರು. ಕಿವಿ ಮುಚ್ಚಿದಾಗ ಮಾತ್ರ ಹೋಗಿ ಢಿಕ್ಕಿ ಹೊಡೆದರು. ಕೆನ್ನೆಯದೆಂದು ಅಜ್ಜಿ ತಿಳಿದದ್ದು ಕಿವಿಯ ಕೆಲಸವಾಗಿತ್ತು. ಇದನ್ನು ಅವಳಿಗೆ ಹೇಳಬೇಕೆನಿಸಿತು. ಆದರೆ ಅವಳು 1996ರಲ್ಲೇ ತೀರಿಕೊಂಡಿದ್ದಳು.

ಅಂದು ಸಂಜೆ ಆ ಹುಡುಗನ ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ 2 ಎಂದು ಬರೆದು ಸಹಿ ಮಾಡಿದೆ. ರಜೆ ಕಳೆದು ಪತ್ರಿಕೆ ಹಂಚಿದಾಗ ಅವನು ಎದ್ದು ನಿಂತ. 'ಸಾರ್, ಇಲ್ಲಿ ಮೊದಲು ಸೊನ್ನೆ ಹಾಕಿದ್ದೀರಿ' ಎಂದ. 'ಕೂಡುವಾಗ ತಪ್ಪಾಗಿತ್ತು, ಕೂತ್ಕೋ' ಎಂದೆ.

ಕೂಡುವಾಗ ಏನೂ ತಪ್ಪಾಗಿರಲಿಲ್ಲ. ಈ ಸಲ ಶಬ್ದದ ಪಾಠಕ್ಕೆ ಹೋಗುವಾಗ ಅಜ್ಜಿಯ ಕೋಲನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಕತೆಯನ್ನು ಕೊನೆಯ ತನಕ ಹೇಳಬೇಕೆಂದಿದ್ದೇನೆ.